ಅಪಾಯ ಪಟ್ಟಿಯಲ್ಲಿ ಯಾರ ಹೆಸರು ಬರೆಯಬೇಕು? ಕಾಸರಗೋಡಿನ ಹಸ್ತಪ್ರತಿ ಯೋಜನೆಯೊಂದರ ಪ್ರಸ್ತಾವದಿಂದ

ಗಡಿನಾಡ ಕನ್ನಡದ ಬಗ್ಗೆ ನಡೆಯುವ ಈ ಸರಣಿಯಲ್ಲಿ ಇಷ್ಟು ದಿನ ಭಾಷೆ, ಶಾಲೆ, ಹಾಡು, ಆಚರಣೆಗಳ ಮಾತಾಯ್ತು. ಇವತ್ತು ನಾನು ಸ್ವಲ್ಪ ಒಣ ವಿಷಯ ಎತ್ತಿಕೊಂಡಿದ್ದೇನೆ. ಅನುದಾನಕ್ಕೆ ಪ್ರಸ್ತಾವ ಬರೆಯುವಾಗ ಕೊನೆಯ ಪುಟಗಳಲ್ಲಿ 'ರಿಸ್ಕ್ ರಿಜಿಸ್ಟರ್' ಅಂತ ಒಂದು ಭಾಗ ಕೇಳ್ತಾರೆ. ಯಾವ ಅಪಾಯ, ಅದು ಘಟಿಸುವ ಸಂಭವ ಎಷ್ಟು, ಘಟಿಸಿದರೆ ಪರಿಣಾಮ ಎಷ್ಟು, ತಗ್ಗಿಸಲು ಏನು ಮಾಡ್ತೀರಿ, ಅದರ ಹೊಣೆ ಯಾರದು, ಈ ಐದು ಕಾಲಂ ಇರುತ್ತವೆ. ನಾನು ಇದನ್ನು ಅಪಾಯ ಪಟ್ಟಿ ಅಂತ ಕರೆಯುತ್ತೇನೆ. ಸಾಮಾನ್ಯವಾಗಿ ಪ್ರಸ್ತಾವ ಕಳಿಸುವ ಹಿಂದಿನ ರಾತ್ರಿ ತುಂಬಿಸುವ ಪುಟ ಇದು.

ಉದಾಹರಣೆಗೆ ನಮ್ಮದೇ ಒಂದು ಪ್ರಸ್ತಾವವನ್ನು ಇಟ್ಟುಕೊಳ್ಳೋಣ. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಮನೆಗಳಲ್ಲಿ ಉಳಿದಿರುವ ಕೈಬರಹದ ಯಕ್ಷಗಾನ ಪ್ರಸಂಗದ ಪುಸ್ತಕಗಳನ್ನು ಚಿತ್ರ ತೆಗೆದು ಉಳಿಸುವುದು, ಜೊತೆಗೆ ಹಿರಿಯ ಅರ್ಥಧಾರಿಗಳ ಮಾತನ್ನು ಧ್ವನಿಮುದ್ರಿಸುವುದು ಕೆಲಸ. ಪಾರ್ತಿಸುಬ್ಬನ ಕುಂಬಳೆ ಸೀಮೆ ಅದು. ಅಟ್ಟದ ಮೇಲೆ, ಮರದ ಪೆಟ್ಟಿಗೆಯಲ್ಲಿ ಏನಾದರೂ ಇದ್ದೇ ಇರುತ್ತದೆ. ಅವಧಿ ಅಕ್ಟೋಬರಿನಿಂದ 18 ತಿಂಗಳು, ಗುರಿ 9,000 ಪುಟ. ಮೂಲ ಕಡತದಲ್ಲಿ ಹೊಣೆಗಾರರ ಹೆಸರುಗಳಿವೆ. ಇಲ್ಲಿ ಅವರವರ ಕೆಲಸದಿಂದ ಹೇಳುತ್ತೇನೆ. ಪ್ರಧಾನ ಸಂಶೋಧಕರು ಬೆಂಗಳೂರಿನಲ್ಲಿ, ಸಹಸಂಶೋಧಕಿ ಮಂಗಳೂರಿನಲ್ಲಿ, ಸ್ಥಳೀಯ ಸಂಯೋಜಕರು ಕುಂಬಳೆಯ ಹತ್ತಿರ, ಚಿತ್ರ ತೆಗೆಯುವ ತಂತ್ರಜ್ಞ ಒಬ್ಬ, ಸಂಶೋಧನ ವಿದ್ಯಾರ್ಥಿಗಳು ಇಬ್ಬರು.

ಮೊದಲು ಅಪಾಯವನ್ನು ಬರೆಯುವ ರೀತಿ ನೋಡೋಣ. ಕರಾವಳಿಯ ಯೋಜನೆಗಳಲ್ಲಿ ಹೆಚ್ಚಾಗಿ ಕಾಣುವ ಸಾಲು 'ಮಳೆಯಿಂದ ತೊಂದರೆ' ಅಂತ. ಇದಕ್ಕೆ ಅಂಕ ಕೊಡಲಿಕ್ಕೇ ಆಗುವುದಿಲ್ಲ. ಮಳೆ ಬರುವ ಸಂಭವವೋ? ಅದು ಅಪಾಯ ಅಲ್ಲ ಮಾರಾಯ್ರೆ, ಜೂನ್ ತಿಂಗಳು. ಖಚಿತವಾಗಿ ಆಗುವುದು ಯೋಜನೆಯ ವೇಳಾಪಟ್ಟಿಗೆ ಹೋಗಬೇಕು, ಅಪಾಯ ಪಟ್ಟಿಗಲ್ಲ. ಆದ್ದರಿಂದ ಒಂದು ಅಪಾಯವನ್ನು ಮೂರು ತುಂಡಿನ ವಾಕ್ಯವಾಗಿ ಬರೆಯಬೇಕು: ಕಾರಣ, ಘಟನೆ, ಅದರ ಫಲ. 'ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ, ಅಂಟಿಕೊಂಡ ಹಾಳೆಗಳನ್ನು ಬಿಡಿಸುವಾಗ ಹರಿಯಬಹುದು. ಹರಿದರೆ ಮೂಲಪ್ರತಿಗೇ ಸರಿಪಡಿಸಲಾಗದ ಹಾನಿ, ಮತ್ತು ಆ ಮನೆಯ ವಿಶ್ವಾಸವೂ ಹೋಗುತ್ತದೆ.' ಈಗ ಕಾರಣ ಖಚಿತ, ಘಟನೆ ಅನಿಶ್ಚಿತ, ಫಲ ಗೊತ್ತು. ಸಂಭವದ ಅಂಕ ಬೀಳುವುದು ನಡುವಿನ ತುಂಡಿಗೆ, ಪರಿಣಾಮದ ಅಂಕ ಕೊನೆಯ ತುಂಡಿಗೆ. ತಗ್ಗಿಸುವ ಕ್ರಮ ಹೆಚ್ಚಾಗಿ ಮೊದಲ ತುಂಡನ್ನು ಹಿಡಿಯುತ್ತದೆ.

ಅಂಕ ಕೊಡುವುದು 1ರಿಂದ 5. ಆದರೆ 'ಸಂಭವ 3' ಅಂದರೆ ಏನು ಅಂತ ಮೊದಲೇ ಬರೆದಿಡದಿದ್ದರೆ ಒಬ್ಬರ ಮೂರು ಇನ್ನೊಬ್ಬರ ಐದು. ನಾವು ಅವಧಿಯನ್ನು ಕಟ್ಟಿಹಾಕಿದೆವು: 18 ತಿಂಗಳಲ್ಲಿ ಆಗಲಾರದು ಅನ್ನಿಸಿದರೆ 1, ಒಮ್ಮೆ ಆದರೂ ಆಗಬಹುದು, ಆಗದೆಯೂ ಇರಬಹುದು ಅಂದರೆ 3, ಆಗದಿದ್ದರೇ ಆಶ್ಚರ್ಯ ಅಂದರೆ 5. ಪರಿಣಾಮಕ್ಕೆ ಮೂರು ಅಳತೆ ಇಟ್ಟೆವು. ಕೆಲಸ ಎಷ್ಟು ದಿನ ನಿಲ್ಲುತ್ತದೆ, ಮತ್ತೆ ಸಿಗದಂತೆ ಎಷ್ಟು ಪುಟ ಅಥವಾ ಧ್ವನಿ ಹೋಗುತ್ತದೆ, ಕೊಟ್ಟ ಮನೆಯವರಿಗೆ ಏನು ತೊಂದರೆ. ಈ ಮೂರರ ಸರಾಸರಿ ತೆಗೆಯಬಾರದು. ಒಂದು ಮನೆಯವರಿಗೆ ದೊಡ್ಡ ನೋವಾಗಿ ಕೆಲಸ ಮಾತ್ರ ಒಂದು ದಿನವೂ ನಿಲ್ಲದಿದ್ದರೆ, ಸರಾಸರಿಯಲ್ಲಿ ಆ ನೋವು ಕರಗಿಹೋಗುತ್ತದೆ. ಮೂರರಲ್ಲಿ ಯಾವುದು ಹೆಚ್ಚೋ ಅದೇ ಪರಿಣಾಮದ ಅಂಕ.

ಹಾಳೆ ಹರಿಯುವ ಅಪಾಯಕ್ಕೆ ಸಂಭವ 4, ಪರಿಣಾಮ 4 ಬಂತು. ತಗ್ಗಿಸುವ ಕ್ರಮ ಸರಳ: ಚಿತ್ರ ತೆಗೆಯುವ ಕೆಲಸವನ್ನು ಅಕ್ಟೋಬರ್‌ನಿಂದ ಮೇ ತಿಂಗಳಿಗೆ ಹಾಕುವುದು, ಮಳೆಗಾಲದಲ್ಲಿ ಪುಟಗಳ ವಿವರ ಬರೆಯುವುದು, ಅರ್ಥಧಾರಿಗಳ ಧ್ವನಿಮುದ್ರಣ ಮಾಡುವುದು. ತಾಳಮದ್ದಲೆಗೆ ಮಳೆಗಾಲವೇ ಹದ ಆದ್ದರಿಂದ ಎರಡೂ ಹೊಂದಿಕೊಳ್ಳುತ್ತದೆ. ಸಂಭವ 4ರಿಂದ 2ಕ್ಕೆ ಇಳಿಯಿತು. ಪರಿಣಾಮ ಮಾತ್ರ 4ರಲ್ಲೇ ಉಳಿಯಿತು, ಯಾಕೆಂದರೆ ಜನವರಿಯಲ್ಲಿ ಹರಿದರೂ ಹರಿದದ್ದೇ. ಎಷ್ಟೋ ಪಟ್ಟಿಗಳಲ್ಲಿ ಒಂದೇ ಕ್ರಮ ಬರೆದು ಎರಡೂ ಅಂಕ ಇಳಿಸಿರುತ್ತಾರೆ. ಒಂದು ಕ್ರಮ ಯಾವ ಅಂಕವನ್ನು, ಯಾವ ದಾರಿಯಿಂದ ಇಳಿಸುತ್ತದೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಪರಿಣಾಮ ಇಳಿಸಬೇಕಿದ್ದರೆ ಬೇರೆಯೇ ಕ್ರಮ ಬೇಕು: ಅಂಟಿದ ಹಾಳೆ ಸಿಕ್ಕಿದ ತಕ್ಷಣ ಕೈ ತೆಗೆದು, ಅದನ್ನು ಹಾಗೇ ಬಿಟ್ಟು, ಪಟ್ಟಿಯಲ್ಲಿ 'ಬಿಡಿಸಿಲ್ಲ' ಅಂತ ಗುರುತು ಹಾಕುವುದು. ಆಗ ಪುಟ ನಮಗೆ ಸಿಗುವುದಿಲ್ಲ, ಆದರೆ ಮನೆಯಲ್ಲಿ ಇರುತ್ತದೆ.

ಈ ಕ್ರಮವೇ ಒಂದು ಹೊಸ ಅಪಾಯ ಹುಟ್ಟಿಸಿತು ನೋಡಿ. ಮಳೆ ಬಿಟ್ಟ ತಿಂಗಳುಗಳಲ್ಲೇ ಮೇಳಗಳ ತಿರುಗಾಟ. ನವೆಂಬರ್ ಹೊತ್ತಿಗೆ ಹೊರಟ ಕಲಾವಿದ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ರಾತ್ರಿ ಆಟ, ಹಗಲು ನಿದ್ದೆ. ಪುಸ್ತಕ ಅವರ ಮನೆಯಲ್ಲಿ, ಕೀಲಿಕೈ ಅವರ ಸೊಂಟದಲ್ಲಿ. ಅಡಿಕೆ ಕೊಯ್ಲಿನ ಕೆಲಸವೂ ಅದೇ ತಿಂಗಳುಗಳಲ್ಲಿ. ಹಾಗಾಗಿ 'ಒಣ ತಿಂಗಳುಗಳಲ್ಲಿ ಕೆಲಸ ಇಟ್ಟಿರುವುದರಿಂದ, ಪುಸ್ತಕದ ಒಡೆಯರು ಮನೆಯಲ್ಲಿ ಸಿಗದೆ ದಿನ ವ್ಯರ್ಥವಾಗಬಹುದು' ಅಂತ ಇನ್ನೊಂದು ಸಾಲು ಬರೆಯಬೇಕಾಯ್ತು. ಸಂಭವ 5, ಪರಿಣಾಮ 2. ಅದಕ್ಕೆ ಪರಿಹಾರ, ಕಲಾವಿದರ ಮನೆಗಳನ್ನು ಅಕ್ಟೋಬರಿಗೂ ಪತ್ತನಾಜೆಯ ನಂತರ ಮಳೆ ಹಿಡಿಯುವವರೆಗಿನ ಆ ಕೆಲವು ದಿನಕ್ಕೂ ಮೀಸಲಿಟ್ಟು, ಉಳಿದ ಮನೆಗಳನ್ನು ನಡುವೆ ಹಾಕುವುದು. ಇದನ್ನು ಬೆಂಗಳೂರಿನಲ್ಲಿ ಕೂತವರು ಯೋಜಿಸಲಾರರು. ಹೊಣೆಗಾರರ ಕಾಲಂನಲ್ಲಿ ಕುಂಬಳೆಯ ಸಂಯೋಜಕರ ಹೆಸರು ಬಂದದ್ದು ಅದಕ್ಕೇ.

ಇಲ್ಲಿ ಒಂದು ಲೆಕ್ಕ ಹೇಳಬೇಕು, ಯಾಕೆಂದರೆ ಹಣದ ಅಪಾಯಕ್ಕೆ ಎಲ್ಲರೂ ಕಣ್ಣುಮುಚ್ಚಿ 'ಸಂಭವ 3, ಪರಿಣಾಮ 3' ಬರೆಯುತ್ತಾರೆ. ಹಳೆ ಪುಸ್ತಕ ಆದ್ದರಿಂದ ದಿನಕ್ಕೆ 60 ಪುಟ, ತಿಂಗಳಿಗೆ 12 ದಿನ ಅಂತ ಹಿಡಿದಿದ್ದೇವೆ. ತಿಂಗಳಿಗೆ 720 ಪುಟ ಆಯ್ತು. 18 ತಿಂಗಳಲ್ಲಿ ಒಣ ತಿಂಗಳು 14, ಅಂದರೆ ಸುಮಾರು 10,000 ಪುಟ. ಗುರಿ 9,000. ಕೈಯಲ್ಲಿ ಒಂದೂವರೆ ತಿಂಗಳಷ್ಟು ಸಡಿಲ ಇದೆ. ಈಗ ಮೊದಲ ಕಂತು ಅಕ್ಟೋಬರಿನ ಬದಲು ಜನವರಿಯಲ್ಲಿ ಬಂತು, ಮುಗಿಯುವ ದಿನ ಮಾತ್ರ ಮಾರ್ಚ್ 31ಕ್ಕೇ ನಿಂತಿದೆ ಅಂತ ಇಟ್ಟುಕೊಳ್ಳಿ. ಹೋದದ್ದು 18ರಲ್ಲಿ ಮೂರು ತಿಂಗಳು ಅಂತ ಕಾಣುತ್ತದೆ. ನಿಜದಲ್ಲಿ ಹೋದದ್ದು 14ರಲ್ಲಿ ಮೂರು, ಯಾಕೆಂದರೆ ತಡವಾದ ಪ್ರತಿ ತಿಂಗಳೂ ಒಣ ತಿಂಗಳೇ. ಉಳಿದ 11 ತಿಂಗಳಲ್ಲಿ 7,920 ಪುಟ, ಸಾವಿರಕ್ಕೂ ಹೆಚ್ಚು ಪುಟದ ಕೊರತೆ. ಆದ್ದರಿಂದ ಪರಿಣಾಮ 4. ಇದಕ್ಕೆ ನಾವು ಬರೆದ ಮುನ್ಸೂಚನೆ, 'ಅಕ್ಟೋಬರ್ 15ರ ಒಳಗೆ ಮಂಜೂರಾತಿ ಪತ್ರ ಬಾರದಿದ್ದರೆ'. ಆ ದಿನ ಪ್ರಧಾನ ಸಂಶೋಧಕರು ಎರಡರಲ್ಲಿ ಒಂದು ಮಾಡಬೇಕು: ಮುಗಿಯುವ ದಿನವನ್ನು ಮುಂದೂಡಲು ಬರೆಯಬೇಕು, ಇಲ್ಲದಿದ್ದರೆ ಗುರಿಯನ್ನು ಲಿಖಿತವಾಗಿ ಇಳಿಸಬೇಕು. ಅನುದಾನ ಕೊಡುವವರ ಜೊತೆ ಬರೆದು ಮಾತಾಡುವ ಅಧಿಕಾರ ಅವರೊಬ್ಬರಿಗೇ ಇರುವುದರಿಂದ ಈ ಸಾಲು ಅವರದು. ಪಟ್ಟಿಯಲ್ಲಿ ಅವರ ಹೆಸರಿನಲ್ಲಿ ಪೂರ್ತಿಯಾಗಿ ಇರುವುದು ಇದೊಂದೇ.

ಇನ್ನು ಗುಣಾಕಾರದ ವಿಷಯ. ಸಂಭವವನ್ನು ಪರಿಣಾಮದಿಂದ ಗುಣಿಸಿ, ಬಂದ ಸಂಖ್ಯೆಯ ಪ್ರಕಾರ ಕೆಂಪು, ಹಳದಿ, ಹಸಿರು ಬಣ್ಣ ಹಾಕುವುದು ರೂಢಿ. ನಮ್ಮ ಪಟ್ಟಿಯಲ್ಲಿ ಎರಡು ಸಾಲುಗಳಿಗೆ 10 ಬಂದಿತ್ತು. ಒಂದು ಈಗ ಹೇಳಿದ್ದು, ಮನೆಯವರು ಸಿಗದೆ ದಿನ ಹಾಳಾಗುವುದು, 5 × 2. ಇನ್ನೊಂದು ಚಿತ್ರಗಳಿರುವ ಹಾರ್ಡ್ ಡಿಸ್ಕ್ ಕೆಟ್ಟುಹೋಗುವುದು ಅಥವಾ ಕಳೆದುಹೋಗುವುದು, 2 × 5. ಬಣ್ಣ ಎರಡಕ್ಕೂ ಹಳದಿ. ಆದರೆ ಇವೆರಡೂ ಒಂದೇ ಜಾತಿಯವಲ್ಲ. ಮೊದಲನೆಯದು ಪದೇಪದೇ ಆಗುತ್ತದೆ, ಪ್ರತಿ ಸಲ ಸ್ವಲ್ಪ ನಷ್ಟ. ವೇಳಾಪಟ್ಟಿಯಲ್ಲಿ ನಾಲ್ಕು ದಿನ ಹೆಚ್ಚು ಇಟ್ಟರೆ ತಾಳಿಕೊಳ್ಳಬಹುದು. ಎರಡನೆಯದು ಬಹುಶಃ ಆಗುವುದೇ ಇಲ್ಲ, ಆದರೆ ಆದರೆ ಯೋಜನೆಯೇ ಇಲ್ಲ. ಅದನ್ನು ತಾಳಿಕೊಳ್ಳುವ ಪ್ರಶ್ನೆ ಇಲ್ಲ. ಹಾಗಾಗಿ ನಾವು ಒಂದು ನಿಯಮ ಬರೆದೆವು: ಪರಿಣಾಮ 5 ಇರುವ ಯಾವ ಸಾಲನ್ನೂ ಗುಣಲಬ್ಧ ನೋಡಿ ಬಿಡಬಾರದು, ಸಂಭವ 1 ಇದ್ದರೂ ಕ್ರಮ ಮತ್ತು ಹೊಣೆಗಾರರು ಇರಲೇಬೇಕು.

ಡಿಸ್ಕಿನ ಸಾಲನ್ನು ಪೂರ್ತಿ ನೋಡೋಣ. ಎ4 ಅಳತೆಯ ಪುಟವನ್ನು ಇಂಚಿಗೆ 400 ಚುಕ್ಕೆಯಂತೆ ಬಣ್ಣದಲ್ಲಿ, ಗಾತ್ರ ಕುಗ್ಗಿಸದೆ ಉಳಿಸಿದರೆ ಸುಮಾರು 46 ಎಂಬಿ ಆಗುತ್ತದೆ. 9,000 ಪುಟಕ್ಕೆ 400 ಜಿಬಿ ದಾಟುತ್ತದೆ. ಅಂದರೆ ಇಡೀ ಯೋಜನೆ ಅಂಗೈಯಗಲದ ಒಂದೇ ಡಿಸ್ಕಿನಲ್ಲಿ ಹಿಡಿಯುತ್ತದೆ. ಅನುಕೂಲವೂ ಅದೇ, ಅಪಾಯವೂ ಅದೇ. ಕ್ರಮ ಎಲ್ಲರಿಗೂ ಗೊತ್ತಿರುವುದೇ: ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಪ್ರಸ್ತಾವದಲ್ಲಿ ಇಷ್ಟು ಬರೆದು 'ಹೊಣೆ: ತಂತ್ರಜ್ಞ' ಅಂತ ಹಾಕಿದರೆ ಸರಿ ಕಾಣುತ್ತದೆ, ಅಲ್ವಾ? ಆದರೆ ತಂತ್ರಜ್ಞ ಎರಡನೇ ಡಿಸ್ಕ್ ಕೊಳ್ಳಲಾರ, ಖರೀದಿಗೆ ಸಹಿ ಸಹಸಂಶೋಧಕಿಯದು. ಡಿಸ್ಕ್ ಬೇರೆ ಊರಿಗೆ ಹೋಯಿತೋ ಇಲ್ಲವೋ ಅಂತ ಆತನೇ ನೋಡಿಕೊಂಡರೆ, ಮಾಡುವವನೂ ಪರೀಕ್ಷಿಸುವವನೂ ಒಬ್ಬನೇ ಆಗುತ್ತಾನೆ. ಅದಕ್ಕೆ ಇಲ್ಲಿ ಎರಡು ಹೆಸರು ಬಂದವು. ಅಪಾಯದ ಹೊಣೆ ಸಹಸಂಶೋಧಕಿಯದು. ಪ್ರತಿ ಮಾಡುವ ಕೆಲಸ ತಂತ್ರಜ್ಞನದು. ಪ್ರತಿ ಶನಿವಾರ ತುಂಬಿದ ಡಿಸ್ಕ್ ಮಂಗಳೂರಿಗೆ ಹೋಗುತ್ತದೆ, ಖಾಲಿಯದು ಬರುತ್ತದೆ. ಮಂಗಳೂರಿನಲ್ಲಿ ಸಹಸಂಶೋಧಕಿ ಯಾವುದಾದರೂ ಹತ್ತು ಚಿತ್ರಗಳನ್ನು ತೆರೆದು ನೋಡಿ, ನೋಂದಣಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಸುಮ್ಮನೆ ಪ್ರತಿ ಮಾಡಿದರೆ ಸಾಲದು, ತೆರೆಯುತ್ತದೆ ಅಂತ ನೋಡಬೇಕು. ಎರಡು ಶನಿವಾರ ಸಹಿ ಇಲ್ಲದಿದ್ದರೆ ಅದೇ ಮುನ್ಸೂಚನೆ. ಆಗ ಹೊಸ ಮನೆಗೆ ಹೋಗುವುದು ನಿಲ್ಲುತ್ತದೆ.

ಹೊಣೆಗಾರರನ್ನು ಆರಿಸಲು ನಾವು ಬಳಸಿದ್ದು ಮೂರು ಪ್ರಶ್ನೆ. ಅಪಾಯದ ಮೊದಲ ಲಕ್ಷಣ ಇವರ ಕಣ್ಣಿಗೆ ಬೀಳುತ್ತದೆಯೇ? ಬಿದ್ದಾಗ ಇನ್ನೊಬ್ಬರನ್ನು ಕೇಳದೆ ಇವರು ಏನಾದರೂ ಮಾಡಬಹುದೇ? ಆ ಹೊತ್ತಿಗೆ ಇವರು ಯೋಜನೆಯಲ್ಲಿ ಇರುತ್ತಾರೆಯೇ? ಮೂರಕ್ಕೂ ಹೌದು ಅನ್ನುವವರು ಒಬ್ಬರೇ ಸಿಗುವುದು ಕಡಿಮೆ. ಸಿಗದಿದ್ದರೆ ಕಾಣುವವರು ಯಾರು, ನಿರ್ಧರಿಸುವವರು ಯಾರು, ನಡುವೆ ಎಷ್ಟು ದಿನ ಅಂತ ಸಾಲಿನಲ್ಲೇ ಬರೆಯಬೇಕು. 'ಹೊಣೆ: ತಂಡ' ಅಂದರೆ ಯಾರೂ ಅಲ್ಲ. 'ಹೊಣೆ: ಗ್ರಾಮ ಪಂಚಾಯತಿ' ಅಂತಲೂ ಬರೆಯುತ್ತಾರೆ, ಪ್ರಸ್ತಾವಕ್ಕೆ ಸಹಿ ಹಾಕದವರನ್ನು ಹೊಣೆ ಮಾಡುವುದಕ್ಕೆ ಬರುವುದಿಲ್ಲ. ಅವರಿಂದ ಸಹಾಯ ಬೇಕಿದ್ದರೆ, ಅದನ್ನು ಹೋಗಿ ಕೇಳುವ ನಮ್ಮವರ ಹೆಸರು ಬರಬೇಕು.

ಮೂರು ಪ್ರಶ್ನೆಗೂ ಹೌದು ಅಂದರೂ ಹೆಸರು ತಪ್ಪಬಹುದಾದ ಒಂದು ಜಾಗ ಇದೆ. ಅದು ಒಪ್ಪಿಗೆಯದು. ನನಗೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಷ್ಟದ ಸಾಲು ಇದು. ಅಪಾಯ ಹೀಗೆ: ಪುಸ್ತಕ ಕೂಡುಕುಟುಂಬದ ಸೊತ್ತಾಗಿರುವುದರಿಂದ, ಮನೆಯಲ್ಲಿರುವ ಅಣ್ಣ ಒಪ್ಪಿ ಸಹಿ ಹಾಕಿದ ಮೇಲೆ ಬೇರೆ ಊರಿನಲ್ಲಿರುವ ತಮ್ಮನೋ ಅಕ್ಕನ ಮಕ್ಕಳೋ ಆಕ್ಷೇಪಿಸಬಹುದು, ಆಗ ಚಿತ್ರಗಳನ್ನು ತೆಗೆದುಹಾಕಬೇಕಾಗುತ್ತದೆ, ಮನೆಯೊಳಗೂ ಮನಸ್ತಾಪ ಆಗುತ್ತದೆ. ಇದಕ್ಕೆ ಕೃತಿಸ್ವಾಮ್ಯವೂ ಸೇರಿಕೊಳ್ಳುತ್ತದೆ. ಅಜ್ಜ ಬರೆದ ಪ್ರಸಂಗವಾದರೆ, ನಮ್ಮ ದೇಶದ ಕಾನೂನಿನಲ್ಲಿ ಸಾಮಾನ್ಯವಾಗಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಅದರ ಹಕ್ಕು ವಾರಸುದಾರರದು. 1975ರಲ್ಲಿ ತೀರಿಕೊಂಡವರ ಕೃತಿಗೆ 2035ರ ಕೊನೆಯವರೆಗೂ ಹಕ್ಕು ಇರುತ್ತದೆ. ಪುಸ್ತಕ ಯಾರ ಪೆಟ್ಟಿಗೆಯಲ್ಲಿ ಇದೆಯೋ ಅವರೊಬ್ಬರೇ ಹಕ್ಕುದಾರರು ಅಂತ ಹೇಳಲಿಕ್ಕಾಗುವುದಿಲ್ಲ.

ಗಡಿನಾಡಿನದೇ ಒಂದು ತೊಡಕೂ ಇಲ್ಲಿದೆ. ಒಪ್ಪಿಗೆ ಪತ್ರ ನಾವು ಕನ್ನಡದಲ್ಲಿ ಮಾಡುತ್ತೇವೆ, ಸಹಿ ಹಾಕುವ ಅಜ್ಜ ಓದಿ ಹಾಕುತ್ತಾರೆ. ಹತ್ತು ವರ್ಷ ಕಳೆದು ಆ ಕಾಗದ ಕೈಗೆ ಸಿಗುವುದು ಮೊಮ್ಮಗನಿಗೆ. ಅವನು ಮಲಯಾಳ ಮಾಧ್ಯಮದಲ್ಲಿ ಓದಿದವನಾದರೆ ಕನ್ನಡ ಮಾತಾಡುತ್ತಾನೆ, ಓದಲು ಬಾರದೆ ಇರಬಹುದು. ಅಜ್ಜ ಏನು ಕೊಟ್ಟರು ಅಂತ ಅವನಿಗೆ ತಿಳಿಯುವುದಿಲ್ಲ. ತಿಳಿಯದ್ದರ ಮೇಲೆ ಸಂಶಯ ಬರುವುದು ಸಹಜ. ಆದ್ದರಿಂದ ಪತ್ರ ಎರಡು ಲಿಪಿಯಲ್ಲಿ, ಓದಿ ಹೇಳಿದ್ದರ ಧ್ವನಿಮುದ್ರಣ ಜೊತೆಗೆ, ಸಾಧ್ಯವಾದರೆ ಕುಟುಂಬದ ಇನ್ನೊಂದು ಕವಲಿನ ಒಬ್ಬರ ಸಹಿಯೂ ಇರಲಿ ಅಂತ ಬರೆದೆವು. ಸಂಭವ 3 ಇದ್ದದ್ದು 2 ಆಯಿತು. ಪರಿಣಾಮ ಇಳಿಸಲು, ಚಿತ್ರ ತೆಗೆದು ಆರು ತಿಂಗಳು ಸಾರ್ವಜನಿಕರಿಗೆ ತೆರೆಯದೆ ಇಡುವುದು.

ಹೊಣೆ ಯಾರದು? ಮನೆಯವರ ಅಸಮಾಧಾನ ಮೊದಲು ಕೇಳುವುದು ಸಂಯೋಜಕರಿಗೆ. ದೇವಸ್ಥಾನದಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಯಾರಾದರೂ ಹೇಳುತ್ತಾರೆ. ಅವರಿಗೇ ಕೊಡೋಣ ಅನ್ನಿಸುತ್ತದೆ. ಆದರೆ ನಮ್ಮ ಬಜೆಟ್ಟಿನಲ್ಲಿ ಸಂಯೋಜಕರ ಗೌರವಧನ ಮುಗಿಸಿದ ಮನೆಗಳ ಲೆಕ್ಕದಲ್ಲಿತ್ತು. ಒಪ್ಪಿಗೆ ಹಿಂತೆಗೆದುಕೊಂಡ ಮನೆ ಅವರ ಲೆಕ್ಕದಿಂದ ಕಳೆಯುತ್ತದೆ. ಎಷ್ಟೇ ಒಳ್ಳೆಯವರಿರಲಿ, ಅಂಥ ಸುದ್ದಿಯನ್ನು ನಾಳೆ ಹೇಳಿದರಾಯ್ತು ಅಂತ ಅನ್ನಿಸುವ ಜಾಗದಲ್ಲಿ ಅವರನ್ನು ಕೂರಿಸಿದ ಹಾಗಾಯ್ತು. ಆದ್ದರಿಂದ ಎರಡು ಬದಲಾವಣೆ: ಗೌರವಧನವನ್ನು ತಿಂಗಳ ಲೆಕ್ಕಕ್ಕೆ ಮಾಡುವುದು, ಮತ್ತು ನಿರ್ಧಾರವನ್ನು ಪ್ರಧಾನ ಸಂಶೋಧಕರಿಗೆ ಕೊಡುವುದು. ಸಂಯೋಜಕರು ಎರಡು ದಿನದೊಳಗೆ ತಿಳಿಸಬೇಕು, ಪ್ರಧಾನ ಸಂಶೋಧಕರು ಏಳು ದಿನದೊಳಗೆ ಚಿತ್ರ ತೆಗೆಸಿ ಮನೆಗೆ ಪತ್ರ ಬರೆಯಬೇಕು. ಅಪಾಯ ಪಟ್ಟಿ ಬರೆಯಲು ಕೂತಾಗ ಬಜೆಟ್ ತಿದ್ದಬೇಕಾಗಿ ಬರುವುದು ಹೀಗೆ. ಈ ಪಟ್ಟಿಯನ್ನು ಬಜೆಟ್ ಮುಗಿಯುವ ಮೊದಲೇ ಬರೆಯಿರಿ ಅಂತ ನಾನು ಹೇಳುವುದೂ ಇದಕ್ಕೇ.

ಈಗ ಪ್ರಶ್ನೆಗಳನ್ನು ತೆಗೆದುಕೊಳ್ತೇನೆ.

ಅಕ್ಕಲಕೋಟೆ ಕಡೆಯ ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಸರ್, ನಾವು ಅಲ್ಲಿ ಭಜನಿ ಮಂಡಳಿಯವರ ವಹಿಗಳನ್ನ ಹಿಂಗ ಮಾಡಬೇಕಂತೀವಿ. ಇದ ಪಟ್ಟೀನ ನಾವು ತಗೊಂಡ್ರ ನಡೀತದೇನ್ರಿ?"

ಸಾಲುಗಳ ಕಟ್ಟಡ ತಗೊಳ್ಳಿ, ಅಂಕ ತಗೋಬೇಡಿ. ನಿಮ್ಮದು ಮಳೆ ನೆರಳಿನ ಸೀಮೆ. ತೇವದ ಸಾಲಿಗೆ ನೀವು 1 ಕೊಟ್ಟರೂ ಯಾರೂ ಆಕ್ಷೇಪಿಸಲಿಕ್ಕಿಲ್ಲ. ಆದರೆ ನಿಮ್ಮ ಏಪ್ರಿಲ್, ಮೇ ಬಿಸಿಲಿಗೆ ಹಾಳೆ ಒಣಗಿ ಮಡಿಕೆಯಲ್ಲೇ ಮುರಿಯಬಹುದು, ಅದು ನಮ್ಮ ಪಟ್ಟಿಯಲ್ಲಿ ಇಲ್ಲ. ನಮಗೆ ಮೇಳದ ತಿರುಗಾಟ ಇದ್ದ ಹಾಗೆ ನಿಮಗೆ ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ, ಆಷಾಢದಲ್ಲಿ ಪಂಢರಪುರದ ವಾರಿ. ಭಜನೆಯವರು ಆಗ ಮನೆಯಲ್ಲಿ ಇರುತ್ತಾರಾ ಅಂತ ನೀವೇ ವಿಚಾರಿಸಬೇಕು. ಒಪ್ಪಿಗೆ ಪತ್ರದ ಎರಡನೇ ಲಿಪಿ ನಿಮಗೆ ಮರಾಠಿಯದು. ವಹಿ ಒಬ್ಬರ ಮನೆಯಲ್ಲಿದ್ದು ಮಂಡಳಿಯ ಸೊತ್ತಾಗಿದ್ದರೆ, ಸಹಿ ಯಾರದು ಅನ್ನುವುದು ನಿಮ್ಮಲ್ಲಿ ಇನ್ನೂ ಬಿಗಿಯಾದ ಪ್ರಶ್ನೆ.

ಅಧ್ಯಾಪಕರೊಬ್ಬರ ಪ್ರಶ್ನೆ: "ಕೊನೆಗೆ ಲೆಕ್ಕ ಒಪ್ಪಿಸಬೇಕಾದವರು ಪ್ರಧಾನ ಸಂಶೋಧಕರೇ ಅಲ್ಲವೇ? ಹಾಗಿದ್ದ ಮೇಲೆ ಎಲ್ಲ ಸಾಲಿಗೂ ಅವರ ಹೆಸರು ಹಾಕಿದರೆ ತಪ್ಪೇನು?"

ಅನುದಾನ ಕೊಡುವವರಿಗೆ ಉತ್ತರ ಹೇಳುವವರು ಅವರೇ, ಅದು ಒಪ್ಪಂದದಲ್ಲೇ ಇದೆ ಮೇಡಂ, ಪಟ್ಟಿಯಲ್ಲಿ ಮತ್ತೆ ಬರೆಯಬೇಕಾಗಿಲ್ಲ. ಈ ಕಾಲಂ ಕೇಳುವುದು ಬೇರೆ: ಈ ಬುಧವಾರ ಈ ಅಪಾಯದ ಕಡೆ ಯಾರು ನೋಡುತ್ತಿರುತ್ತಾರೆ? ಎಲ್ಲ ಸಾಲಿನಲ್ಲೂ ಒಂದೇ ಹೆಸರು ಇದ್ದರೆ ಮೌಲ್ಯಮಾಪನ ಮಾಡುವವರಿಗೆ ತಿಳಿಯುವುದು, ಉಳಿದವರ ಜೊತೆ ಯಾರೂ ಮಾತಾಡಿಲ್ಲ ಅಂತ. ಅಂದಹಾಗೆ, ಹೆಸರು ಹಾಕುವ ಮೊದಲು ಆ ವ್ಯಕ್ತಿಗೆ ಸಾಲನ್ನು ಓದಿ ಹೇಳಬೇಕು. ನಮ್ಮ ತಂತ್ರಜ್ಞ ಓದಿದ ಮೇಲೆ, "ನನ್ನ ಗುತ್ತಿಗೆ ಹನ್ನೆರಡೇ ತಿಂಗಳು ಅಲ್ವಾ ಸರ್" ಅಂದ. ಯೋಜನೆ 18 ತಿಂಗಳು. ಕೊನೆಯ ಆರು ತಿಂಗಳಿಗೆ, ಅದೂ ಎಲ್ಲ ಒಣ ತಿಂಗಳು, ಡಿಸ್ಕಿನ ಕೆಲಸಕ್ಕೆ ಯಾರ ಹೆಸರೂ ಇರಲಿಲ್ಲ. ಈಗ ಆ ಸಾಲಿನಲ್ಲಿ ಎರಡನೇ ಹೆಸರು ಒಬ್ಬ ಸಂಶೋಧನ ವಿದ್ಯಾರ್ಥಿಯದು, ಸೆಪ್ಟೆಂಬರ್ ತಿಂಗಳಿಡೀ ಇಬ್ಬರೂ ಸೇರಿ ಪ್ರತಿ ಮಾಡುವುದು, ಕೊನೆಯ ಶನಿವಾರ ನೋಂದಣಿ ಪುಸ್ತಕದಲ್ಲಿ ಇಬ್ಬರ ಸಹಿ ಅಂತ ಸೇರಿಸಿದ್ದೇವೆ.